ಗೇಮ್ ಚಾಟ್‌ನಲ್ಲಿ ಅಪರಿಚಿತರನ್ನು ಹೊಸಬರು ಮಾತಾಡಿಸೋದು ಹೇಗೆ? ಮಾಡರೇಟರ್ ಭಾರ್ಗವಿ ಅವರ ಜೊತೆ ಪ್ರಶ್ನೋತ್ತರ

ರಾಕೇಶ್: ಡಿಸ್ಕಾರ್ಡ್‌ನಲ್ಲಿ ಒಂದು ಮೈನ್‌ಕ್ರಾಫ್ಟ್ ಸರ್ವರ್ ಸೇರಿದೆ. ಬಂದ ಕೂಡಲೇ hi ಹಾಕಿದೆ, ಆಮೇಲೆ ಹತ್ತಾರು ಜನರ ಇನ್‌ಬಾಕ್ಸ್‌ಗೂ hi ಹಾಕಿದೆ. ಒಬ್ಬರೂ ಉತ್ತರ ಕೊಡಲಿಲ್ಲ. ಇಷ್ಟು ಸೊಕ್ಕಾ ಇವರಿಗೆ?

ಭಾರ್ಗವಿ: ಸೊಕ್ಕಲ್ಲ. ಬರೀ hi ಅಂದರೆ ಓದಿದವರು ತಿರುಗಿ hi ಅಂದು, ನೀವು ಏನು ಕೇಳುತ್ತೀರೋ ಅಂತ ಕಾಯಬೇಕು. ಅಷ್ಟು ಪುರುಸೊತ್ತು ಯಾರಿಗಿದೆ? ನಮಸ್ಕಾರ ಮತ್ತು ವಿಷಯ ಎರಡನ್ನೂ ಒಂದೇ ಮೆಸೇಜ್‌ನಲ್ಲಿ ಹಾಕಿ. ಉದಾಹರಣೆಗೆ: "ನಮಸ್ಕಾರ, ಹೊಸಬ. ಜಾವಾ ಎಡಿಷನ್ ಆಡುತ್ತೇನೆ. ನೆದರ್ ಪೋರ್ಟಲ್‌ಗೆ 4 ಅಗಲ, 5 ಎತ್ತರದ ಅಬ್ಸಿಡಿಯನ್ ಚೌಕಟ್ಟು ಕಟ್ಟಿದೆ, ಬೆಂಕಿ ಹಚ್ಚಿದರೂ ಪೋರ್ಟಲ್ ತೆರೆಯುತ್ತಿಲ್ಲ. ಮೂಲೆಗಳಲ್ಲೂ ಅಬ್ಸಿಡಿಯನ್ ಬೇಕಾ?" ಇದಕ್ಕೆ ಗೊತ್ತಿದ್ದವರು ಯಾರಾದರೂ ಉತ್ತರ ಕೊಟ್ಟೇ ಕೊಡುತ್ತಾರೆ. ಅದಕ್ಕೂ ಮೊದಲು ರೂಲ್ಸ್ ಇರುವ ಚಾನೆಲ್ ಓದಿ. ಪರಿಚಯಕ್ಕೆ ಬೇರೆ ಚಾನೆಲ್ ಇದ್ದರೆ ಅಲ್ಲೇ ಹಾಕಿ. ಇನ್‌ಬಾಕ್ಸ್ ಮಾತ್ರ ಬೇಡ. ಅಪರಿಚಿತರ ಇನ್‌ಬಾಕ್ಸ್‌ಗೆ ನುಗ್ಗೋದು ಮೋಸಗಾರರ ಅಭ್ಯಾಸ. ಹತ್ತಾರು ಜನರಿಗೆ ಒಟ್ಟಿಗೆ hi ಹಾಕಿದ್ದಕ್ಕೆ ನಿಮ್ಮನ್ನೂ ಅದೇ ಸಾಲಿಗೆ ಸೇರಿಸಿರುತ್ತಾರೆ.

ನವೀನ್: ಮೂಲೆಗಳು ಬೇಡ ಬ್ರೋ, 10 ಬ್ಲಾಕ್ ಸಾಕು.

ಭಾರ್ಗವಿ: ನೋಡಿದ್ರಾ ರಾಕೇಶ್? ಇಲ್ಲೇ ಉತ್ತರ ಬಂತು.

ಹೇಮಂತ್: ಲಿಚೆಸ್‌ನಲ್ಲಿ ಎದುರಾಳಿ ಆಟ ಶುರುವಾಗುವಾಗ Good luck ಅಂದ. ನಾನೇನು ಅನ್ನಬೇಕು? ಗೆಲ್ಲೋದು ಖಚಿತ ಆದಾಗ ನಾನೇ gg ಹಾಕಿದೆ, ಅವನು ಬೈದು ಹೋದ.

ಭಾರ್ಗವಿ: ಅಲ್ಲಿ U2 ಅಂತ ಬಟನ್ ಇದೆ, ಅಂದರೆ "ನಿಮಗೂ" ಅಂತ, ಒತ್ತಿದರೆ ಸಾಕು. ಮಾತಾಡದಿದ್ದರೂ ತಪ್ಪಿಲ್ಲ, ತುಂಬ ಜನ ಚಾಟ್ ಮುಚ್ಚಿಕೊಂಡೇ ಆಡುತ್ತಾರೆ. gg ಅಂದರೆ good game, ಆಟ ಮುಗಿದ ಮೇಲೆ ಹೇಳುವ ಮಾತು. ಆಟದ ಮಧ್ಯೆ, ಅದೂ ಗೆಲ್ಲುತ್ತಿರುವವರೇ ಅಂದರೆ "ಇನ್ನು ಎದ್ದು ಹೋಗು" ಅಂತ ಕೇಳಿಸುತ್ತದೆ.

ನವೀನ್: ಗೆದ್ದವರೇ ಮೊದಲು gg ಅನ್ನಬೇಕು, ಅದು ರೂಲ್.

ಭಾರ್ಗವಿ: ಅಂಥ ರೂಲ್ ಇಲ್ಲ. ಇರೋದು ರೂಢಿ, ಅದೂ ಉಲ್ಟಾ. ಸ್ಟಾರ್‌ಕ್ರಾಫ್ಟ್‌ನಲ್ಲಿ ಸೋತವರು gg ಅಂದು ಆಟ ಬಿಡುತ್ತಿದ್ದರು. ಸೋಲು ಒಪ್ಪಿಕೊಂಡೆ ಅಂತ ಅರ್ಥ. ಚೆಸ್‌ನಲ್ಲಿ ಮುಗಿದ ಮೇಲೆ ಯಾರು ಮೊದಲು ಅಂದರೂ ನಡೆಯುತ್ತದೆ. ಜೊತೆಗೆ ez, ಅಂದರೆ easy ಅಂತ, ಸೇರಿಸಬೇಡಿ. ಓವರ್‌ವಾಚ್‌ನಲ್ಲಿ gg ez ಅಂತ ಟೈಪ್ ಮಾಡಿದರೆ ಗೇಮೇ ಅದನ್ನು ಅಳಿಸಿ, ಟೈಪ್ ಮಾಡಿದವರೇ ನಗೆಪಾಟಲಾಗುವಂಥ ಒಂದು ಸಾಲು ಹಾಕುತ್ತಿತ್ತು.

ಸುಮಂಗಲಾ: ಮೇಡಂ, ನನ್ನ ಮಗನಿಗೆ 15 ವರ್ಷ. ಗೇಮ್ ಸರ್ವರ್‌ನಲ್ಲಿ "ನಾನು ಹೊಸಬ" ಅಂತ ಪರಿಚಯ ಹಾಕಿದ ಮೇಲೆ ಯಾರೋ ಇನ್‌ಬಾಕ್ಸ್‌ಗೆ ಬಂದು hi ಅಂದರಂತೆ. ಎರಡು ದಿನ ಚೆನ್ನಾಗಿ ಮಾತಾಡಿ, "ನಾನು ಮಾಡಿದ ಗೇಮ್, ಆಡಿ ನೋಡು" ಅಂತ ಫೈಲ್ ಕಳಿಸಿದರು. ಇವನು ಓಪನ್ ಮಾಡಿದ, ಏನೂ ಬರಲಿಲ್ಲವಂತೆ. ಈಗ ಇವನ ಹೆಸರಲ್ಲಿ ಗೆಳೆಯರಿಗೆಲ್ಲ ಅದೇ ಮೆಸೇಜ್ ಹೋಗುತ್ತಿದೆ.

ಭಾರ್ಗವಿ: ಸುಮಂಗಲಾ ಅವರೇ, ಮೊದಲು ಆ ಕಂಪ್ಯೂಟರ್‌ನ ಇಂಟರ್ನೆಟ್ ಆಫ್ ಮಾಡಿ. ಈಗಲೇ. ಮಿಕ್ಕಿದ್ದು ಆಮೇಲೆ ಓದಿ.

"ಏನೂ ಬರಲಿಲ್ಲ" ಅನ್ನೋದೇ ಗುರುತು. ಅದರಲ್ಲಿ ಗೇಮ್ ಇರುವುದಿಲ್ಲ. ನಾವು ಲಾಗಿನ್ ಆಗಿದ್ದಾಗ ಕಂಪ್ಯೂಟರ್‌ನಲ್ಲಿ ಟೋಕನ್ ಅಂತ ಒಂದು ಉಳಿದಿರುತ್ತದೆ. ಪ್ರತಿ ಸಲ ಪಾಸ್‌ವರ್ಡ್ ಕೇಳದಿರುವುದು ಅದರಿಂದಲೇ. ಈ ಫೈಲ್ ಅದನ್ನು ಕದ್ದು ಕಳಿಸುತ್ತದೆ. ಅದು ಕೈಗೆ ಸಿಕ್ಕವರಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಬ್ರೌಸರ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್‌ಗಳೂ ಹೋಗಿರಬಹುದು. ಮನೆಯವರು ಅದೇ ಕಂಪ್ಯೂಟರ್‌ನಲ್ಲಿ ಮೇಲ್, ಬ್ಯಾಂಕ್ ನೋಡುತ್ತಿದ್ದರೆ ಅವೂ ಹೋಗಿವೆ ಅಂತಲೇ ಇಟ್ಟುಕೊಳ್ಳಿ.

ಈಗ ಬೇರೆ ಫೋನಿನಿಂದ ಮೊದಲು ಮೇಲ್ ಪಾಸ್‌ವರ್ಡ್ ಬದಲಿಸಿ, ಆಮೇಲೆ ಡಿಸ್ಕಾರ್ಡ್‌ದು. ಡಿಸ್ಕಾರ್ಡ್‌ನಲ್ಲಿ ಪಾಸ್‌ವರ್ಡ್ ಬದಲಿಸಿದರೆ ಹಳೆಯ ಟೋಕನ್ ಕೆಲಸ ಮಾಡುವುದಿಲ್ಲ, ಒಳಗೆ ಕೂತವರು ಹೊರಗೆ ಬೀಳುತ್ತಾರೆ. ಅದೇ ಕಂಪ್ಯೂಟರ್‌ನಲ್ಲಿ ಬದಲಿಸಿದರೆ ಹೊಸದೂ ಕಳುವಾಗುತ್ತದೆ. ಕಂಪ್ಯೂಟರ್‌ಗೆ ವಿಂಡೋಸ್ ಹೊಸದಾಗಿ ಹಾಕಿಸಿ. ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ ಅಂತ ಸುಮ್ಮನಾಗಬೇಡಿ. ಗೆಳೆಯರಿಗೆ ಮಗನೇ ಫೋನ್ ಮಾಡಿ "ಫೈಲ್ ಮುಟ್ಟಬೇಡಿ" ಅನ್ನಲಿ. ಸರ್ವರ್ ನಡೆಸುವವರಿಗೂ ತಿಳಿಸಿ.

ಮಗನಿಗೆ ಬೈಯಬೇಡಿ. ಅವನು ನಮಸ್ಕಾರ ಹಾಕಿದ್ದು ಸರಿಯಾದ ಜಾಗದಲ್ಲೇ. ಮೋಸಗಾರರು ಪರಿಚಯದ ಚಾನೆಲ್ ನೋಡಿ ಹೊಸಬರನ್ನೇ ಹಿಡಿಯುತ್ತಾರೆ, ಯಾಕಂದರೆ ಅಲ್ಲಿ ಯಾರು ಯಾರು ಅಂತ ಹೊಸಬರಿಗೆ ಇನ್ನೂ ಗೊತ್ತಿರುವುದಿಲ್ಲ. ನಿಜವಾಗಿ ಸ್ವಾಗತಿಸುವವರು ಚಾನೆಲ್‌ನಲ್ಲೇ, ನೀವು ಬರೆದದ್ದಕ್ಕೆ ಉತ್ತರ ಕೊಡುತ್ತಾರೆ. ಮೋಸಗಾರರು ನೀವು ಬರೆದದ್ದರ ಸುದ್ದಿಗೇ ಹೋಗುವುದಿಲ್ಲ, ಬೇಗ ಇನ್‌ಬಾಕ್ಸ್‌ಗೆ ಎಳೆಯುತ್ತಾರೆ. ಫೈಲ್‌ಗೆ ಪಾಸ್‌ವರ್ಡ್ ಹಾಕಿರುತ್ತಾರೆ, ಅಥವಾ "ಆಂಟಿವೈರಸ್ ಆಫ್ ಮಾಡು" ಅನ್ನುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಸರ್ವರ್ ಸದಸ್ಯರಿಂದ ನೇರ ಮೆಸೇಜ್ ಬರುವುದನ್ನು ಮುಚ್ಚಬಹುದು, ಅದನ್ನೂ ಮಾಡಿ.

ವಸಂತ್: ಇದಕ್ಕೇ ನನಗೆ ಒಂದು ಫಾರ್ವರ್ಡ್ ಬಂದಿತ್ತು. ಒಬ್ಬ ಹ್ಯಾಕರ್ ಹೆಸರು ಇದೆ, ಅವನ ರಿಕ್ವೆಸ್ಟ್ ಒಪ್ಪಿದರೆ ಅಕೌಂಟ್ ಹೋಗುತ್ತೆ, ಎಲ್ಲ ಸರ್ವರ್‌ಗೂ ಕಾಪಿ ಮಾಡಿ ಹಾಕಿ ಅಂತ. ಇಲ್ಲೂ ಹಾಕಲಾ?

ಭಾರ್ಗವಿ: ಬೇಡ. ರಿಕ್ವೆಸ್ಟ್ ಒಪ್ಪಿದ ಮಾತ್ರಕ್ಕೆ ಯಾರ ಅಕೌಂಟೂ ಹೋಗುವುದಿಲ್ಲ. ಇಂಥದ್ದು ವರ್ಷಗಳಿಂದ ಹೆಸರು ಬದಲಿಸಿಕೊಂಡು ಸುತ್ತುತ್ತಿದೆ. ಇದನ್ನು ನಂಬಿದವರು ಆ ಒಂದು ಹೆಸರಿಗೆ ಹೆದರಿ, ಬೇರೆ ಹೆಸರಿನವನು ಕಳಿಸಿದ ಫೈಲ್ ತೆರೆಯುತ್ತಾರೆ.

ವಸಂತ್: ಒಳ್ಳೇದಕ್ಕೆ ಹೇಳಿದ್ದಷ್ಟೇ.

ಭಾರ್ಗವಿ: ಗೊತ್ತು. ಆದರೂ ಹಾಕಬೇಡಿ.

ಶ್ರೀನಿವಾಸಮೂರ್ತಿ: ನಾನು ದಿನಾ ಬೆಳಿಗ್ಗೆ ಚೆಸ್ ಗುಂಪಿಗೆ ಶುಭೋದಯದ ಹೂವಿನ ಚಿತ್ರ ಹಾಕುತ್ತೇನೆ. ಮ್ಯೂಟ್ ಮಾಡಿದ್ದಾರೆ. ನಮಸ್ಕಾರ ಹೇಳುವುದು ನಮ್ಮ ಸಂಸ್ಕೃತಿ ಅಲ್ಲವೇ?

ನವೀನ್: ಅಂಕಲ್, ಅದು ಫ್ಯಾಮಿಲಿ ಗ್ರೂಪ್ ಅಲ್ಲ.

ಶ್ರೀನಿವಾಸಮೂರ್ತಿ: ಹಿರಿಯರ ಜೊತೆ ಹೀಗಾ ಮಾತಾಡೋದು?

ದೀಪಾ: ಸರ್, ನನ್ನನ್ನೂ ಮ್ಯೂಟ್ ಮಾಡಿದ್ದರು. ನಾನು ಕನ್ನಡದಲ್ಲಿ "ಎಲ್ಲರಿಗೂ ನಮಸ್ಕಾರ" ಅಂದಿದ್ದೆ ಅಷ್ಟೇ. ಕನ್ನಡ ಅಂದರೆ ಇವರಿಗೆ ಆಗಲ್ಲ.

ನವೀನ್: ಇಂಗ್ಲಿಷ್ ಮಾತ್ರ ಅಂತ ರೂಲ್ ಇರುತ್ತೆ, ಓದಿ.

ದೀಪಾ: ಬೆಂಗಳೂರಿನವರು ನಡೆಸೋ ಸರ್ವರ್‌ನಲ್ಲಿ ಇಂಗ್ಲಿಷ್ ಮಾತ್ರ ಯಾಕೆ? ನಿಮ್ಮಂಥವರಿಂದಲೇ ಹೀಗಾಗಿರೋದು.

ಭಾರ್ಗವಿ: ಮಾಡರೇಟರ್‌ಗಳಿಗೆ ಓದಲು ಬಾರದ ಭಾಷೆಯಲ್ಲಿ ಬೈಗುಳ ಬಂದರೆ ತಡೆಯಲಾಗುವುದಿಲ್ಲ ಅಂತ ಆ ರೂಲ್ ಹಾಕುತ್ತಾರೆ. ಬೆಂಗಳೂರಿನ ಸರ್ವರ್‌ಗೆ ಕನ್ನಡ ಓದುವ ಮಾಡರೇಟರ್ ಬೇಕು ಅಂತ ಕೇಳುವುದು ನ್ಯಾಯವೇ. ಆದರೆ ಬಂದ ದಿನವೇ ಸಾಮಾನ್ಯ ಚಾನೆಲ್‌ನಲ್ಲಿ ಜಗಳ ತೆಗೆದರೆ ಯಾರೂ ಕೇಳಿಸಿಕೊಳ್ಳಲ್ಲ. ಸಲಹೆಗಳ ಚಾನೆಲ್‌ನಲ್ಲಿ ಹಾಕಿ. ಮೂರ್ತಿಯವರೇ, ಚಿತ್ರ ನಿಲ್ಲಿಸಿ.

ದೀಪಾ: ಸಲಹೆ ಹಾಕಿ ಆರು ತಿಂಗಳಾಯ್ತು ಮೇಡಂ.

ಆಯೇಶಾ: ಬಿಜಿಎಂಐನಲ್ಲಿ ಮೈಕ್ ಆನ್ ಮಾಡಿ ಹಲೋ ಅಂದರೆ ಸಾಕು, ಹುಡುಗಿ ಅಂತ ಗೊತ್ತಾಗಿ ಕೆಟ್ಟದಾಗಿ ಮಾತಾಡುತ್ತಾರೆ. ನಾನು ಹೇಗೆ ಶುರು ಮಾಡಲಿ?

ನವೀನ್: ಮೈಕ್ ಆಫ್ ಮಾಡಿ ಆಡಿ.

ಆಯೇಶಾ: ಅದನ್ನೇ ಮಾಡುತ್ತಿದ್ದೇನೆ. ಕೇಳಿದ್ದು ಅದಲ್ಲ.

ಕಿರಣ್: ಹೊಸ ಸರ್ವರ್‌ನಲ್ಲಿ hi ಹಾಕಿದೆ, ಯಾರೂ ಉತ್ತರ ಕೊಡಲಿಲ್ಲ. ಯಾಕೆ?

ಭಾರ್ಗವಿ: ಮೇಲೆ ರಾಕೇಶ್‌ಗೆ ಬರೆದದ್ದು ಓದಿ.

ಕಿರಣ್: ಅಷ್ಟುದ್ದ ಯಾರು ಓದ್ತಾರೆ, ಸ್ವಲ್ಪದರಲ್ಲಿ ಹೇಳಿ.

ಸುಮಂಗಲಾ: ಮೇಡಂ, ಪಾಸ್‌ವರ್ಡ್ ಬದಲಿಸಿದೆವು, ಮೆಸೇಜ್ ನಿಂತಿತು. ಆದರೆ ಇವನ ಗೆಳೆಯನೊಬ್ಬ ಆ ಫೈಲ್ ತೆರೆದಿದ್ದಾನಂತೆ. ಅವನ ಅಪ್ಪನ ಖಾತೆಯಿಂದ ದುಡ್ಡು ಹೋಗಿದೆ ಅಂತಿದ್ದಾರೆ.

ಭಾರ್ಗವಿ: ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ, ಬ್ಯಾಂಕಿಗೂ ಹೇಳಿ ಖಾತೆ ನಿಲ್ಲಿಸಲಿ. ಬೆಳಿಗ್ಗೆ ಮಾಡೋಣ ಅನ್ನಬೇಡಿ, ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ. ಆ ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ.