ಅಪ್‌ಡೇಟ್: ಕೆಲಸದಿಂದ ತೆಗೆದವರಿಗೆ ಬರೆದ ಪತ್ರ ಏನಾಯಿತು

ನಾನು ಕೇಳಿದ್ದು (2023): “ಆರು ವರ್ಷ ನಾಲ್ಕು ತಿಂಗಳು ದುಡಿದ ಕಾರ್ಖಾನೆಯಲ್ಲಿ ‘ನಾಳೆಯಿಂದ ಬರಬೇಡಿ’ ಎಂದು ಬಾಯಿಮಾತಿನಲ್ಲೇ ಹೇಳಿದ್ದಾರೆ. ಪತ್ರ ಹೇಗೆ ಬರೆಯಲಿ?”

ಸಲಹೆ ಕೊಟ್ಟ ಎಲ್ಲರಿಗೂ ವಂದನೆಗಳು. ಗೇಟಿನಲ್ಲಿ ತಡೆದ ಮರುದಿನವೇ ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಕಳುಹಿಸಿದೆ. ಅದರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ವಾಕ್ಯ: “ನಾನು ಕೆಲಸ ಬಿಟ್ಟಿಲ್ಲ, ಇಂದೂ ಕೆಲಸಕ್ಕೆ ಸಿದ್ಧನಿದ್ದೇನೆ, ತೆಗೆದ ಕಾರಣವನ್ನು ಏಳು ದಿನಗಳಲ್ಲಿ ಲಿಖಿತವಾಗಿ ತಿಳಿಸಿ, ಹಿಂಬಾಕಿ ವೇತನದೊಂದಿಗೆ ಮರುನೇಮಿಸಿ, ಇಲ್ಲವೇ ನ್ಯಾಯವಾದ ಪರಿಹಾರ ಕೊಡಿ.” ನಿರೀಕ್ಷಿಸಿದಂತೆಯೇ, ನಾನೇ ಹೇಳದೆ ಕೇಳದೆ ಗೈರಾದೆನೆಂದು ಉತ್ತರ ಬಂತು, ಆದರೆ ನನ್ನ ಪತ್ರದ ಅಂಚೆ ಮುದ್ರೆ ಅದಕ್ಕಿಂತ ಹನ್ನೊಂದು ದಿನ ಹಳೆಯದಾಗಿತ್ತು.

ಕಾರ್ಮಿಕ ಅಧಿಕಾರಿಯ ಮುಂದೆ ಸಂಧಾನ ನಡೆದಾಗ, ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ 25-ಎಫ್ ಕಲಮಿನಂತೆ ಲೆಕ್ಕ ಹಾಕಿದೆವು. ನನ್ನ ತಿಂಗಳ ಸಂಬಳ, ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ, 26,000 ರೂಪಾಯಿ. ನೋಟಿಸಿನ ಬದಲಿಗೆ ಒಂದು ತಿಂಗಳ ವೇತನ 26,000, ವರ್ಷಕ್ಕೆ ಹದಿನೈದು ದಿನದಂತೆ ಆರು ವರ್ಷದ ಪರಿಹಾರ 78,000, ಇವಲ್ಲದೆ ಗ್ರಾಚ್ಯುಟಿ 90,000: ಒಟ್ಟು 1,94,000 ರೂಪಾಯಿ. ಇದು ಕನಿಷ್ಠ ಮಾತ್ರವೆಂದು ನಾನು ಪಟ್ಟು ಹಿಡಿದದ್ದರಿಂದ, ಮರುನೇಮಕಕ್ಕೆ ಒಪ್ಪದ ಆಡಳಿತದವರು ಮೂರು ತಿಂಗಳ ಸಂಬಳವನ್ನು ಹೆಚ್ಚುವರಿಯಾಗಿ ಸೇರಿಸಿದರು.

ಮೊದಲೇ ಅವರು ಚಾಚಿದ್ದ ಖಾಲಿ ವೋಚರಿಗೂ ರಾಜೀನಾಮೆ ಪತ್ರಕ್ಕೂ ನಾನು ಸಹಿ ಹಾಕಿರಲಿಲ್ಲ. ಚೆಕ್ ಕೈಗೆ ಬಂದ ಮೇಲೆ, ಅಧಿಕಾರಿಯ ಎದುರಿನಲ್ಲೇ ಒಪ್ಪಂದಕ್ಕೆ ಸಹಿ ಹಾಕಿದೆ.