ಬ್ಯಾಂಕ್ ಸೂಚ್ಯಂಕ ಏರಿತು ಸರಿ, ಅದರೊಳಗೆ ಯಾವ ಬ್ಯಾಂಕಿನ ವರದಿ ತೆರೆಯಬೇಕು?

ಕುಲಕರ್ಣಿ, ಹಿಂಜವಡಿ, ಪುಣೆ: ನನಗೆ ಕಂಪನಿಗಳ ವರದಿ ಓದಲು ವಾರಾಂತ್ಯದಲ್ಲಿ ಮಾತ್ರ ಸ್ವಲ್ಪ ಸಮಯ ಸಿಗುತ್ತದೆ. ವಲಯವಾರು ಸೂಚ್ಯಂಕಗಳ ಚಾರ್ಟ್ ನೋಡಿ, ಹಣ ಯಾವ ವಲಯಕ್ಕೆ ಹರಿಯುತ್ತಿದೆ ಎಂದು ತಿಳಿದು, ಆ ವಲಯದ ಷೇರುಗಳನ್ನು ಮಾತ್ರ ಅಭ್ಯಾಸಕ್ಕೆ ಆರಿಸಿಕೊಳ್ಳುವುದು ಸರಿಯಾದ ಕ್ರಮವೇ? ಹಾಗೆ ಆರಿಸುವಾಗ ಚಾರ್ಟಿನಲ್ಲಿ ಏನನ್ನು ನೋಡಬೇಕು?

ಶೆಟ್ಟಿ, ಡೊಂಬಿವಲಿ: ಚಾರ್ಟಿಗಿಂತ ಮೊದಲು ಬಡ್ಡಿದರ ನೋಡಿ. ರಿಸರ್ವ್ ಬ್ಯಾಂಕು 2022ರ ಮೇ ತಿಂಗಳಿನಿಂದ ಡಿಸೆಂಬರ್ ಒಳಗೆ ರೆಪೊ ದರವನ್ನು ಶೇ. 4ರಿಂದ 6.25ಕ್ಕೆ ಏರಿಸಿತು, ಅದೇ ವರ್ಷ ಬ್ಯಾಂಕ್ ಷೇರುಗಳು ಮೇಲೆದ್ದವು, ಐಟಿ ಷೇರುಗಳು ನೆಲಕಚ್ಚಿದವು. ದರ ಏರುವಾಗ ಬ್ಯಾಂಕು, ಇಳಿಯುವಾಗ ವಾಹನ ಮತ್ತು ಗೃಹನಿರ್ಮಾಣ; ಇಷ್ಟು ಗೊತ್ತಿದ್ದರೆ ಗೆರೆಗಳ ಹಿಂದೆ ಓಡಬೇಕಾಗಿಲ್ಲ.

ರಾವ್, ಮುಲುಂಡ್ (ನಿವೃತ್ತ ಬ್ಯಾಂಕ್ ಅಧಿಕಾರಿ): ಶೆಟ್ಟರೇ, ನೀವು ಹೇಳಿದ ವರ್ಷವನ್ನೇ ತೆಗೆದುಕೊಳ್ಳೋಣ. ಬಡ್ಡಿದರ ಎಲ್ಲ ಬ್ಯಾಂಕುಗಳಿಗೂ ಒಂದೇ ಆಗಿತ್ತು. ಆದರೆ 2022ರಲ್ಲಿ ನಿಫ್ಟಿ ಬ್ಯಾಂಕ್ ಸೂಚ್ಯಂಕ ಏರಿದ್ದು ಸುಮಾರು ಶೇ. 21, ಸರ್ಕಾರಿ ಬ್ಯಾಂಕುಗಳ ಸೂಚ್ಯಂಕ ಏರಿದ್ದು ಸುಮಾರು ಶೇ. 70. ಬಡ್ಡಿದರವೊಂದೇ ಕಾರಣವಾಗಿದ್ದರೆ ಇಷ್ಟು ಅಂತರ ಹುಟ್ಟುತ್ತಿರಲಿಲ್ಲ.

ಕುಲಕರ್ಣಿಯವರೇ, ವಲಯದ ಸೂಚ್ಯಂಕವನ್ನು ಒಂಟಿಯಾಗಿ ನೋಡಬೇಡಿ, ನಿಫ್ಟಿ 50ರಿಂದ ಭಾಗಿಸಿ ನೋಡಿ. ಟ್ರೇಡಿಂಗ್‌ವ್ಯೂನಲ್ಲಿ `NSE:CNXPSUBANK/NSE:NIFTY` ಎಂದು ಬರೆದು ವಾರದ ಚಾರ್ಟ್ ತೆರೆದರೆ ಒಂದೇ ಗೆರೆ ಬರುತ್ತದೆ. 2021ರ ಕೊನೆಯಲ್ಲಿ ಸರ್ಕಾರಿ ಬ್ಯಾಂಕ್ ಸೂಚ್ಯಂಕ ಸುಮಾರು 2,525, ನಿಫ್ಟಿ 17,354, ಅನುಪಾತ 0.146. ಮುಂದಿನ ವರ್ಷದ ಕೊನೆಯಲ್ಲಿ 4,319 ಮತ್ತು 18,105, ಅನುಪಾತ 0.239. ಐಟಿ ವಲಯದ ಅನುಪಾತ ಅದೇ ಅವಧಿಯಲ್ಲಿ 2.23ರಿಂದ 1.58ಕ್ಕೆ ಇಳಿಯಿತು. ನಿಫ್ಟಿ ಆ ವರ್ಷ ಶೇ. 4ರಷ್ಟು ಮಾತ್ರ ಏರಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ, ಮೇಲೆ ಶಾಂತವಾಗಿ ಕಾಣುತ್ತಿದ್ದ ಮಾರುಕಟ್ಟೆಯ ಅಡಿಯಲ್ಲಿ ಎಷ್ಟು ಹಣ ಜಾಗ ಬದಲಿಸಿತೆಂದು ತಿಳಿಯುತ್ತದೆ.

ಒಂದು ಎಚ್ಚರಿಕೆ. ಭಾಗಿಸಿದ ಗೆರೆ ಏರುತ್ತಿದ್ದರೂ ವಲಯ ಸ್ವತಃ ಇಳಿಯುತ್ತಿರಬಹುದು. ನಿಫ್ಟಿ ಅದಕ್ಕಿಂತ ವೇಗವಾಗಿ ಬಿದ್ದರೂ ಗೆರೆ ಮೇಲೆಯೇ ಹೋಗುತ್ತದೆ. ಆದ್ದರಿಂದ ಪಕ್ಕದಲ್ಲಿ ಸೂಚ್ಯಂಕದ ಮೂಲ ಚಾರ್ಟೂ ತೆರೆದಿರಬೇಕು.

ಪಾಟೀಲ, ಹಡಪ್ಸರ್: ನನ್ನ ಬಳಿ ಇರುವುದು ಸಕ್ಕರೆ ಕಾರ್ಖಾನೆಗಳ ಷೇರುಗಳು. ಅವುಗಳಿಗೆ ಎನ್‌ಎಸ್‌ಇಯ ವಲಯ ಸೂಚ್ಯಂಕಗಳ ಪಟ್ಟಿಯಲ್ಲಿ ಜಾಗವೇ ಕಾಣಲಿಲ್ಲ. ಇವನ್ನು ಮಾರಬೇಕೋ ಇಟ್ಟುಕೊಳ್ಳಬೇಕೋ ಎಂಬುದನ್ನು ಈ ವಿಧಾನ ಹೇಳುತ್ತದೆಯೇ?

ರಾವ್, ಮುಲುಂಡ್: ಹೇಳುವುದಿಲ್ಲ, ಪಾಟೀಲರೇ. ಕೇಳಿದ್ದು ಏನನ್ನು ಓದಬೇಕೆಂದು, ಏನನ್ನು ಮಾರಬೇಕೆಂದಲ್ಲ. ಐದಾರು ಸಕ್ಕರೆ ಕಂಪನಿಗಳಿಗೆ ಸಮಾನ ತೂಕ ಕೊಟ್ಟು ನೀವೇ ಒಂದು ಸೂಚ್ಯಂಕ ಮಾಡಿಕೊಳ್ಳಬಹುದು. ಆದರೆ 2023ರ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ತಯಾರಿಸುವುದಕ್ಕೆ ಕೇಂದ್ರವು ತಡೆ ಹಾಕಿದಂಥ ಆದೇಶವನ್ನು ಯಾವ ಗೆರೆಯೂ ಮುಂಚಿತವಾಗಿ ತೋರಿಸಲಾರದು.

ಕುಲಕರ್ಣಿ, ಹಿಂಜವಡಿ: ಅನುಪಾತದ ಗೆರೆ ಏರಿತು ಎಂದಿಟ್ಟುಕೊಳ್ಳೋಣ. ಆ ಸೂಚ್ಯಂಕದಲ್ಲಿ 12 ಬ್ಯಾಂಕುಗಳಿವೆ. ನಾನು ಅತಿ ದೊಡ್ಡದಾದ ಸ್ಟೇಟ್ ಬ್ಯಾಂಕಿನಿಂದ ಆರಂಭಿಸಿದರೆ ಸಾಲದೇ?

ರಾವ್, ಮುಲುಂಡ್: ಬಹಳ ಜನ ದಾರಿ ತಪ್ಪುವುದು ಇಲ್ಲಿಯೇ. ಸೂಚ್ಯಂಕವನ್ನು ಎತ್ತಿದವರು ಯಾರು ಎಂದು ಮೊದಲು ಲೆಕ್ಕ ಹಾಕಿ. ಸ್ಟೇಟ್ ಬ್ಯಾಂಕಿನ ತೂಕ ಮೂರನೇ ಒಂದು ಭಾಗದ ಆಸುಪಾಸು ಎಂದು ಹಿಡಿಯಿರಿ. 2022ರಲ್ಲಿ ಆ ಷೇರು ಸುಮಾರು 460 ರೂಪಾಯಿಯಿಂದ 614ಕ್ಕೆ, ಅಂದರೆ ಶೇ. 33ರಷ್ಟು ಏರಿತು. ಹಾಗಾದರೆ 70ರಲ್ಲಿ ಅದರ ಪಾಲು ಬರೀ 11. ಉಳಿದ 59ನ್ನು ತಂದುಕೊಟ್ಟದ್ದು ಮಿಕ್ಕ ಮೂರನೇ ಎರಡು ಭಾಗ, ಎಂದರೆ ಉಳಿದ ಬ್ಯಾಂಕುಗಳು ಸರಾಸರಿ ಶೇ. 90ರ ಹತ್ತಿರ ಏರಿರಬೇಕು. ಬ್ಯಾಂಕ್ ಆಫ್ ಬರೋಡ 82ರಿಂದ 186ಕ್ಕೆ ಹೋಗಿತ್ತು. ವರ್ಷದ ನಡುವೆ ತೂಕಗಳು ಬದಲಾಗುವುದರಿಂದ ಇದು ಒರಟು ಲೆಕ್ಕ, ಆದರೂ ನಮ್ಮ ಕೆಲಸಕ್ಕೆ ಸಾಕು: ದೊಡ್ಡಣ್ಣ ಹಿಂದೆ ಉಳಿದು, ಮಿಕ್ಕವರು ಓಡಿದ ಏರಿಕೆ ಅದು.

ಇದಕ್ಕೆ ವಿರುದ್ಧವಾಗಿ ಒಂದೆರಡು ದೊಡ್ಡ ಷೇರುಗಳೇ ಸೂಚ್ಯಂಕವನ್ನು ಎಳೆದಿದ್ದರೆ ವಲಯ ಎದ್ದಿದೆ ಎನ್ನಲಾಗದು. ಆ ಕಂಪನಿಗಳನ್ನು ಮಾತ್ರ ಓದಿದರೆ ಮುಗಿಯಿತು. ಐಟಿ ಸೂಚ್ಯಂಕದಲ್ಲಿ ಇನ್ಫೋಸಿಸ್ ಮತ್ತು ಟಿಸಿಎಸ್ ಎರಡೇ ಅರ್ಧದಷ್ಟು ತೂಕ ಹೊತ್ತಿರುವುದರಿಂದ ಅಲ್ಲಿ ಈ ಮೋಸ ಹೆಚ್ಚು.

ಕಾಮತ್, ಮಡಗಾಂವ್: ರಾಯರೇ, ಹಾಗಿದ್ದರೆ ಅತಿ ಹೆಚ್ಚು ಏರಿದ ಬ್ಯಾಂಕುಗಳ ವರದಿಯನ್ನೇ ಮೊದಲು ತೆರೆಯಬೇಕಲ್ಲವೇ? ಆ ವರ್ಷದ ಕೊನೆಗೆ ಯೂಕೊ, ಸೆಂಟ್ರಲ್ ಬ್ಯಾಂಕುಗಳೂ ಜೋರಾಗಿ ಏರಿದ್ದವು.

ರಾವ್, ಮುಲುಂಡ್: ಆ ಎರಡರಲ್ಲೂ ಇಂಡಿಯನ್ ಓವರ್‌ಸೀಸ್ ಬ್ಯಾಂಕಿನಲ್ಲೂ ಆಗ ಸರ್ಕಾರದ ಪಾಲು ಶೇ. 90ಕ್ಕೂ ಹೆಚ್ಚಿತ್ತು. ಮಾರುಕಟ್ಟೆಯಲ್ಲಿ ತಿರುಗಾಡುವ ಷೇರುಗಳು ಕಡಿಮೆ ಇದ್ದಾಗ ಸ್ವಲ್ಪ ಹಣ ಬಂದರೂ ಬೆಲೆ ಜಿಗಿಯುತ್ತದೆ. ಆದ್ದರಿಂದ ನಾನು ಮೊದಲು ಷೇರುದಾರರ ವಿವರ ನೋಡಿ ಅಂಥವನ್ನು ಬದಿಗಿಡುತ್ತೇನೆ. ಉಳಿದವುಗಳಲ್ಲಿ ವಸೂಲಾಗದ ಸಾಲ, ಅದಕ್ಕೆ ತೆಗೆದಿಟ್ಟ ಹಣ, ಹೊಸದಾಗಿ ಕೆಟ್ಟ ಸಾಲದ ಮೊತ್ತ, ಈ ಮೂರನ್ನು ಎಂಟು ತ್ರೈಮಾಸಿಕಗಳಿಗೆ ಬರೆದುಕೊಳ್ಳಿ. ಸರ್ಕಾರಿ ಬ್ಯಾಂಕುಗಳ ಒಟ್ಟು ಕೆಟ್ಟ ಸಾಲ 2018ರ ಮಾರ್ಚಿನಲ್ಲಿ ಶೇ. 14.6 ಇತ್ತು. 2022ರ ಸೆಪ್ಟೆಂಬರಿನಲ್ಲಿ ಇಡೀ ಬ್ಯಾಂಕಿಂಗ್ ವ್ಯವಸ್ಥೆಯ ಪ್ರಮಾಣ ಶೇ. 5ಕ್ಕೆ ಇಳಿದಿತ್ತು. ಗೆರೆ ಏರಿದ್ದಕ್ಕೆ ಪುಸ್ತಕದಲ್ಲಿ ಕಾರಣ ಸಿಗುವುದು ಹೀಗೆ. ಕಾರಣ ಸಿಗದಿದ್ದರೆ ಆ ಷೇರನ್ನು ಪಟ್ಟಿಯಿಂದ ತೆಗೆಯಬಹುದು.

ಹೆಗಡೆ, ಠಾಣೆ: ಲೆಕ್ಕ ಚೆನ್ನಾಗಿದೆ, ಆದರೆ ಎಲ್ಲ ಮುಗಿದ ಮೇಲೆ ಡಿಸೆಂಬರಿನಲ್ಲಿ ನಿಂತು ಹಿಂದಿರುಗಿ ನೋಡಿದ ಲೆಕ್ಕ ಇದು. 2022ರ ಆರಂಭದಲ್ಲೂ ಇದೇ ಗೆರೆ ಎದ್ದಿತ್ತು, ಆಮೇಲೆ ಬಿದ್ದು ಜೂನ್‌ವರೆಗೆ ಮಲಗಿತ್ತು. ಏರಿಕೆಯ ಬಹುಪಾಲು ಬಂದದ್ದು ಕೊನೆಯ ಕೆಲವು ತಿಂಗಳುಗಳಲ್ಲಿ. ಆರಂಭದಲ್ಲಿ ನಂಬಿದವರ ಗತಿಯೇನು?

ರಾವ್, ಮುಲುಂಡ್: ಮೇಡಂ, ನಿಮ್ಮ ಆಕ್ಷೇಪ ಸರಿ. ಕೊಳ್ಳುವವರಿಗೆ ಅದು ನಷ್ಟ. ಓದುವವರಿಗೆ ಹೋಗುವುದು ಒಂದೆರಡು ಸಂಜೆ, ಮತ್ತು ಆಗ ಬರೆದಿಟ್ಟ ಟಿಪ್ಪಣಿ ಅಕ್ಟೋಬರಿನಲ್ಲಿ ಕೆಲಸಕ್ಕೆ ಬರುತ್ತದೆ. ನಾನು ಅನುಪಾತದ ಗೆರೆ ತನ್ನ 40 ವಾರಗಳ ಸರಾಸರಿಯ ಮೇಲೆ ನಿಂತು, ಆ ಸರಾಸರಿಯೂ ಮೇಲ್ಮುಖವಾದ ನಂತರವೇ ವರದಿ ತೆರೆಯುತ್ತೇನೆ.

ಹೆಗಡೆ, ಠಾಣೆ: 40 ವಾರಗಳ ಸರಾಸರಿ ಮೇಲ್ಮುಖವಾಗುವವರೆಗೆ ಕಾದರೆ ಅಗ್ಗದ ಬೆಲೆ ಕೈತಪ್ಪಿರುತ್ತದೆ. ಓದುವುದಕ್ಕೆ ಹಣ ಖರ್ಚಾಗುವುದಿಲ್ಲ ಎಂದ ಮೇಲೆ, 1.58ಕ್ಕೆ ಬಿದ್ದ ಐಟಿಯನ್ನೇ ಯಾರೂ ನೋಡದಿರುವಾಗ ಓದಬಾರದೇಕೆ?

ಶೆಟ್ಟಿ, ಡೊಂಬಿವಲಿ: ಬಿದ್ದದ್ದನ್ನು ಓದುವುದಾದರೆ ಬಡ್ಡಿದರದ ಚಕ್ರ ತಿಳಿದಿರಲೇಬೇಕು. ಅಂತರದ ಬಗ್ಗೆ ರಾಯರು ಹೇಳಿದ್ದನ್ನು ಒಪ್ಪುತ್ತೇನೆ, ಚಕ್ರವನ್ನು ಬಿಡುವುದಿಲ್ಲ.

ಕುಲಕರ್ಣಿ, ಹಿಂಜವಡಿ: ಹೆಗಡೆಯವರೇ, ನನ್ನ ಸಂಬಳವೂ ಐಟಿಯಿಂದಲೇ ಬರುವುದರಿಂದ ಉಳಿತಾಯಕ್ಕಾಗಿ ಅದೇ ವಲಯವನ್ನು ಓದುವ ಮನಸ್ಸಿಲ್ಲ. ಈ ಶನಿವಾರ 12 ಬ್ಯಾಂಕುಗಳ ಷೇರುದಾರರ ವಿವರದಿಂದ ಆರಂಭಿಸುತ್ತೇನೆ. ಸರ್ಕಾರದ ಪಾಲು ಎಷ್ಟಕ್ಕಿಂತ ಹೆಚ್ಚಿದ್ದರೆ ಬದಿಗಿಡಬೇಕು ಎಂಬುದನ್ನು ರಾಯರು ಹೇಳಬೇಕು.

ರಾವ್, ಮುಲುಂಡ್: ನನ್ನ ಗಡಿ ಶೇ. 85. ಅದಕ್ಕೆ ಶಾಸ್ತ್ರವೇನೂ ಇಲ್ಲ. ದಿನದ ವಹಿವಾಟಿನ ಮೊತ್ತವನ್ನೂ ಪಕ್ಕದಲ್ಲಿ ಬರೆದುಕೊಂಡು ನೋಡಿ, ನಿಮಗೆ ಬೇರೆ ಗಡಿ ಸರಿ ಎನಿಸಬಹುದು.