ಒಂದೇ ವರದಿಯಲ್ಲಿ ಆರು ಸಲ ‘ಸೋಲಿಸಿತು’

ಕೇಳಿದವರು: ಜಿಲ್ಲಾ ಪತ್ರಿಕೆಯೊಂದಕ್ಕೆ ಕ್ರಿಕೆಟ್ ವರದಿ ಬರೆಯೋಕೆ ಶುರುಮಾಡಿ ಎರಡು ತಿಂಗಳಾಯ್ತು. ನಿನ್ನೆ ಒಂದೇ ವರದಿಯಲ್ಲಿ ಆರು ಸಲ ‘ಸೋಲಿಸಿತು’ ಬಂದಿದೆ ಅಂತ ಡೆಸ್ಕ್‌ನಲ್ಲಿ ಬೈಸಿಕೊಂಡೆ. ಬದಲಾಯಿಸೋಕೆ ಹೋದರೆ ‘ಸದೆಬಡಿಯಿತು’, ‘ಧೂಳೀಪಟ ಮಾಡಿತು’ ಅಂತ ಯುದ್ಧದ ವರದಿ ಆಗುತ್ತೆ. ವಿನ್, ಬೀಟ್, ಡಿಫೀಟ್‌ಗೆ ನೀವೆಲ್ಲ ಏನು ಬಳಸ್ತೀರಿ?

ಹಳೇ ಡೆಸ್ಕಿನವ: ಮೊದಲು ಅಂತರ ನೋಡಿ, ಆಮೇಲೆ ಕ್ರಿಯಾಪದ ಹುಡುಕಿ. ನಮ್ಮದೇ ಎರಡು ರಣಜಿ ಫೈನಲ್ ತಗೊಳ್ಳಿ. 2015ರಲ್ಲಿ ವಾಂಖೆಡೆಯಲ್ಲಿ ತಮಿಳುನಾಡು 134ಕ್ಕೆ ಆಲೌಟ್. ಕರ್ನಾಟಕ 762 ರನ್ ಪೇರಿಸಿತು, ಕರುಣ್ ನಾಯರ್ ಒಬ್ಬರದೇ 328. ಗೆಲುವು ಇನಿಂಗ್ಸ್ ಮತ್ತು 217 ರನ್‌ಗಳದ್ದು. ‘ಬಗ್ಗುಬಡಿಯಿತು’ ಅಂದರೂ ಇಲ್ಲಿ ಯಾರೂ ತಕರಾರು ಮಾಡಲ್ಲ. 2010ರಲ್ಲಿ ಮೈಸೂರಿನಲ್ಲಿ ಮುಂಬೈ ನಮ್ಮನ್ನು ಸೋಲಿಸಿದ್ದು ಬರೀ 6 ರನ್‌ಗಳಿಂದ. ಅಲ್ಲಿ ಅದೇ ಪದ ಹಾಕಿದರೆ ಸುಳ್ಳಾಗುತ್ತೆ.

ಇನ್ನೊಂದು, ಪ್ರತಿ ವಾಕ್ಯದಲ್ಲೂ ಗೆಲುವು ಸೋಲು ಹೇಳಲೇಬೇಕು ಅಂತಿಲ್ಲ. ಮೈಸೂರಿನ ಪಂದ್ಯವನ್ನು ನಾನಾದರೆ ಹೀಗೆ ಶುರುಮಾಡ್ತೀನಿ: ‘338 ರನ್‌ಗಳ ಗುರಿ ಬೆನ್ನಟ್ಟಿದ ಕರ್ನಾಟಕ 331ಕ್ಕೆ ಆಲೌಟಾಯಿತು. 6 ರನ್‌ಗಳಿಂದ ಗೆದ್ದ ಮುಂಬೈ ರಣಜಿ ಟ್ರೋಫಿ ಉಳಿಸಿಕೊಂಡಿತು. ಮನೀಷ್ ಪಾಂಡೆ ಅವರ 144 ರನ್ ಕೂಡ ಆತಿಥೇಯರನ್ನು ದಡ ಮುಟ್ಟಿಸಲಿಲ್ಲ.’ ಮೂರು ವಾಕ್ಯದಲ್ಲಿ ‘ಗೆದ್ದ’ ಒಂದೇ ಸಲ ಬಂತು. ಉಳಿದದ್ದನ್ನು ಆಟವೇ ಹೇಳಿತು.

ಲೆಗ್‌ಬೈ: ಬೀಟ್ ಅಂದ್ರೆ ಚೆಂಡು ಬ್ಯಾಟಿಗೆ ಸಿಗದೆ ಹೋಗೋದು ಅಲ್ವಾ? ಅದಕ್ಕೆ ‘ತಬ್ಬಿಬ್ಬಾದರು’ ಅಂತ ಬರೀರಿ. ಕಾಮೆಂಟರಿಯವರೆಲ್ಲ ‘ಬೀಟ್ ಆದ್ರು’ ಅಂತಾನೇ ಅನ್ನೋದು.

ಹಳೇ ಡೆಸ್ಕಿನವ: ಅದು ಬೇರೆ ಬೀಟ್ ಸ್ವಾಮಿ. ಇವರು ಕೇಳ್ತಿರೋದು ತಂಡದ್ದು.

ಕನ್ನಡ ಮೇಷ್ಟ್ರು: ‘ಕರ್ನಾಟಕ ತಮಿಳುನಾಡನ್ನು ಗೆದ್ದಿತು’ ಅಂತ ಮಾತ್ರ ಬರೆಯಬೇಡಿ, ವ್ಯಾಕರಣದ ಪ್ರಕಾರವೇ ತಪ್ಪು. ಗೆಲ್ಲುವುದು ಪಂದ್ಯವನ್ನು, ಎದುರಾಳಿಯನ್ನಲ್ಲ.

ಹಳೇ ಡೆಸ್ಕಿನವ: ಬರೆಯಬಾರದು ಅನ್ನೋದು ಸರಿ, ಕಾರಣ ಅದಲ್ಲ ಸರ್. ‘ಶತ್ರುವನ್ನು ಗೆದ್ದ’ ಅಂತೀವಲ್ಲ. ರಾಜ್ಯದ ಹೆಸರಿಗೆ ಹಾಕಿದಾಗ ದಂಡೆತ್ತಿ ಹೋಗಿ ಊರು ವಶಪಡಿಸಿಕೊಂಡ ಹಾಗೆ ಕೇಳುತ್ತೆ, ಅಷ್ಟೇ. ‘ತಮಿಳುನಾಡು ವಿರುದ್ಧ ಗೆದ್ದಿತು’ ಅಂದರೆ ಮುಗೀತು.

ನಿಜವಾದ ಅಪಾಯ ತಲೆಬರಹದಲ್ಲಿದೆ. ಜಾಗ ಸಾಲದೆ ‘ಅನ್ನು’ ಕಿತ್ತುಹಾಕ್ತೀವಿ. ಒಮ್ಮೆ ಪುಟ ಮುಗಿಸುವ ಗಡಿಬಿಡಿಯಲ್ಲಿ ‘ಮುಂಬೈ ಮಣಿಸಿದ ಕರ್ನಾಟಕ’ ಅಂತ ಕೊಟ್ಟುಬಿಟ್ಟೆ. ಗೆದ್ದದ್ದು ನಾವು. ಪುಟ ನೋಡಿದ ಪ್ರೂಫ್‌ನವರು ‘ಛೆ, ಸೋತ್ವಾ?’ ಅಂದರು. ಅವರು ಓದಿದ್ದೂ ತಪ್ಪಲ್ಲ: ಮುಂಬೈಯನ್ನು ಮಣಿಸಿದ ಕರ್ನಾಟಕವೂ ಆಗಬಹುದು, ಮುಂಬೈ ಯಾರನ್ನು ಮಣಿಸಿತೋ ಆ ಕರ್ನಾಟಕವೂ ಆಗಬಹುದು. ಅವತ್ತಿನಿಂದ ಗೆದ್ದರೆ ‘ಮುಂಬೈ ವಿರುದ್ಧ ಗೆದ್ದ ಕರ್ನಾಟಕ’, ಸೋತರೆ ‘ಮುಂಬೈಗೆ ಮಣಿದ ಕರ್ನಾಟಕ’. ‘ಮಣಿಸು’, ‘ಮಣಿ’ ನಡುವೆ ಒಂದೇ ಅಕ್ಷರದ ವ್ಯತ್ಯಾಸ, ಫಲಿತಾಂಶವೇ ತಿರುಗಿಬೀಳುತ್ತೆ. ಟೈಪ್ ಮಾಡಿದ ಮೇಲೆ ವಿಭಕ್ತಿ ಒಂದು ಸಲ ನೋಡಿಕೊಳ್ಳಿ: ‘ಶರಣಾಯಿತು’ ಅಂದರೆ ಎದುರಾಳಿಗೆ ‘ಗೆ’ ಬೇಕು, ‘ಮುಗ್ಗರಿಸಿತು’ ಅಂದರೆ ‘ಎದುರು’ ಬೇಕು. ಪದ ಬದಲಿಸಿ ಪ್ರತ್ಯಯ ಹಳೆಯದೇ ಬಿಟ್ಟಾಗ ವಾಕ್ಯ ಕುಂಟುತ್ತೆ.

ಟೆನಿಸ್‌ಬಾಲ್ ಕಾರ್ಯದರ್ಶಿ: ನಮ್ಮ ತಾಲ್ಲೂಕು ಟೂರ್ನಿದು ನಾನೇ ಬರೆದು ಪತ್ರಿಕೆಗೆ ಕಳಿಸ್ತೀನಿ. ಒಂದು ಸಲ ‘ಮಣ್ಣುಮುಕ್ಕಿಸಿತು’ ಅಂತ ಬರೆದೆ. ಸೋತ ತಂಡದ ಹುಡುಗರು ಪೇಪರ್ ಹಿಡ್ಕೊಂಡು ಮನೆಗೇ ಬಂದ್ರು. ‘ಅಣ್ಣಾ, ಸೋತಿದ್ದು ನಾಲ್ಕೇ ರನ್ನಿಗೆ, ಮಣ್ಣೆಲ್ಲಿ ಮುಕ್ಕಿದ್ವಿ?’ ಅಂತ. ಕಾಫಿ ಕೊಟ್ಟು ಕಳಿಸಿದೆ. ಈಗ ‘ಜಯ ಗಳಿಸಿತು’ ಬಿಟ್ಟು ಬೇರೆ ಬರೆಯಲ್ಲ, ರಿಪೀಟ್ ಆದ್ರೆ ಆಗ್ಲಿ.

ಸೂಪರ್ ಓವರ್: 2019ರ ವಿಶ್ವಕಪ್ ಫೈನಲ್‌ಗೆ ಏನಂತೀರಿ? ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್, ನ್ಯೂಜಿಲೆಂಡ್ ಎರಡೂ 241. ಸೂಪರ್ ಓವರಲ್ಲೂ 15–15. ಬೌಂಡರಿ ಎಣಿಸಿ ಕಪ್ ಕೊಟ್ಟರು. ನ್ಯೂಜಿಲೆಂಡನ್ನು ‘ಸೋಲಿಸಿತು’ ಅನ್ನೋಕೆ ನನಗೆ ಮನಸ್ಸೇ ಬರಲ್ಲ.

ಕನ್ನಡ ಮೇಷ್ಟ್ರು: ಕಪ್ ಯಾರ ಕೈಲಿದೆಯೋ ಅವರು ಗೆದ್ದರು, ಇನ್ನೊಬ್ಬರು ಸೋತರು. ನಿಯಮ ನಿಯಮವೇ.

ಹಳೇ ಡೆಸ್ಕಿನವ: ನಾನು ‘ಇಂಗ್ಲೆಂಡ್ ಮುಡಿಗೆ ವಿಶ್ವಕಪ್’ ಅಂತ ಹಾಕಿ ನ್ಯೂಜಿಲೆಂಡ್ ತಂಟೆಗೇ ಹೋಗ್ತಿರಲಿಲ್ಲ. ಮೇಷ್ಟ್ರು ಒಪ್ಪಲ್ಲ, ಗೊತ್ತು.

ಕೇಳಿದವರು: ನಿನ್ನೆಯ ವರದಿ ಮತ್ತೆ ತೆಗೆದು ನೋಡಿದೆ. ಆರರಲ್ಲಿ ನಾಲ್ಕು ‘ಸೋಲಿಸಿತು’ ಹಳೇ ಪಂದ್ಯಗಳ ಲೆಕ್ಕ ಒಪ್ಪಿಸೋಕೆ ಬಂದಿದ್ದು. ಅವನ್ನೆಲ್ಲ ತೆಗೆದು ‘ಸತತ ಐದನೇ ಗೆಲುವು’ ಅಂತ ಒಂದೇ ಕಡೆ ಹಾಕಿದೆ. ಇನ್ನೂ ಒಂದು ಅನುಮಾನ: ‘ಗೆಲುವಿನ ನಗೆ ಬೀರಿತು’ ಈಗಲೂ ನಡೆಯುತ್ತಾ, ಸವೆದುಹೋಗಿದೆಯಾ?